ಪೆನ್ಸಿಲಕ್ಕ ಮತ್ತು ಏಳನೆಯವರು

ಊರಿನ ಸಂಜೆಪತ್ರಿಕೆಯ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಪೆನ್ಸಿಲಕ್ಕ ಅಂತ. ಹೆಸರು ಬರಲು ಕಾರಣ ಅವಳ ಎರಡು ಪೆನ್ಸಿಲು, ಒಂದು ನೀಲಿ, ಒಂದು ಕೆಂಪು. ಊರೆಲ್ಲ ಕಂಪ್ಯೂಟರಿನಲ್ಲೇ ತಿದ್ದುವ ಕಾಲದಲ್ಲೂ ಯಾವುದಾದರೂ ಪಕ್ಷದ ಹೇಳಿಕೆ ಬಂದರೆ ಅವಳು ಮೊದಲು ಅದನ್ನು ಕಾಗದಕ್ಕೆ ಇಳಿಸಿಕೊಳ್ಳುತ್ತಿದ್ದಳು. ದಾಖಲೆ ನೋಡಿಯೋ ಫೋನು ಮಾಡಿಯೋ ಖಚಿತಪಡಿಸಿಕೊಂಡ ಸಂಗತಿಯ ಕೆಳಗೆ ನೀಲಿ ಗೆರೆ, ಪಕ್ಷದವರ ಬಾಯಿಂದ ಮಾತ್ರ ಬಂದದ್ದರ ಕೆಳಗೆ ಕೆಂಪು ಗೆರೆ. ನೀಲಿಯದು ನೇರವಾಗಿ ಸುದ್ದಿಗೆ ಹೋಗುತ್ತದೆ. ಕೆಂಪಿನದು ಹೋದರೆ 'ಎಂದು ಪಕ್ಷ ಹೇಳಿದೆ' ಎಂಬ ಬಾಲ ಕಟ್ಟಿಕೊಂಡೇ ಹೋಗಬೇಕು. ಎರಡೂ ಗೆರೆ ಸಿಗದ ಬೈಗುಳ, ಹೊಗಳಿಕೆ, ಶಪಥಗಳು ಬುಟ್ಟಿಗೆ. ಮೂವತ್ತು ವರ್ಷದಲ್ಲಿ ಆ ಬುಟ್ಟಿ ಕಂಡಷ್ಟು ವೀರಾವೇಶವನ್ನು ಯಾವ ರಣರಂಗವೂ ಕಂಡಿರಲಾರದು.

ಕಚೇರಿ ಮೂರನೇ ಮಹಡಿಯಲ್ಲಿ, ನದಿಯ ದಂಡೆಗೆ ಮುಖಮಾಡಿ ಇತ್ತು. ಹನ್ನೊಂದು ಗಂಟೆಯ ಹೊತ್ತಿಗೆ ನೀರಿನ ಮೇಲೆ ಬಿದ್ದ ಬಿಸಿಲು ಕಿಟಕಿಯಿಂದ ಒಳಗೆ ಹಾರಿ ಸೂರಿನ ಮೇಲೆ ಅಲೆ ಅಲೆಯಾಗಿ ಆಡುತ್ತಿತ್ತು. ಫ್ಯಾನು, ಬೀರು, ಹಳೆಯ ಸಂಚಿಕೆಗಳ ರಾಶಿ ಎಲ್ಲವೂ ಆ ಬೆಳಕಿನಲ್ಲಿ ಮೆಲ್ಲಗೆ ತೇಲುತ್ತಿರುವಂತೆ ಕಾಣುತ್ತಿತ್ತು. ಪೆನ್ಸಿಲಕ್ಕ ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ಬೆಳಕು ಕಣ್ಣಿಗೆ ಹೊಡೆಯುತ್ತದೆ ಅನ್ನುತ್ತಿದ್ದಳು. ಅದು ಅರ್ಧ ಸತ್ಯ ಎಂದು ಅವಳಿಗೇ ಗೊತ್ತಿತ್ತು.

ಆ ದಿನ ಬಂದದ್ದು ವಿರೋಧ ಪಕ್ಷದ ಎರಡು ಪುಟದ ಹೇಳಿಕೆ. ಸುದ್ದಿ ಸಂಪಾದಕರು ಅದನ್ನು ಅವಳ ಮೇಜಿಗೆ ತಂದಿಟ್ಟರು. ಇವರು ಬಂದು ಎರಡು ವರ್ಷವೂ ಆಗಿರಲಿಲ್ಲ, ಆಗಲೇ ಗಡಿಯಾರಪ್ಪ ಎಂಬ ಬಿರುದು ಪಡೆದಿದ್ದರು. ಗೋಡೆಯ ಗಡಿಯಾರ ನೋಡದೆ ಒಂದು ವಾಕ್ಯ ಮುಗಿಸಿದ ಉದಾಹರಣೆ ಇರಲಿಲ್ಲ.

"ಪೆನ್ಸಿಲಕ್ಕ, ನಾಳೆಗೆ ಆ ದೋಣಿ ದುರಂತ ಆಗಿ ಹತ್ತು ವರ್ಷವಂತೆ. ಇವ್ರು ಕೂಗಾಡಿದಾರೆ. ಒಂದೂವರೆಗೆ ಪುಟ ಹೋಗ್ಬೇಕು. ಬೆಲ್ಲ ಎಷ್ಟು, ಕಲ್ಲೆಷ್ಟು ನೋಡಿ ಕೊಡಿ."

"ಕೊಡ್ತೀನಿ ಸಾರ್" ಎಂದಳು. ಮೊದಲ ಸಾಲು ಓದಿದಳು. 'ಆಡಳಿತ ಪಕ್ಷದ ಮಿತಿಮೀರಿದ ಭ್ರಷ್ಟಾಚಾರ ಏಳು ಅಮಾಯಕರನ್ನು ನಡುನೀರಿನಲ್ಲಿ ಕೊಲೆ ಮಾಡಿ ನಾಳೆಗೆ ಹತ್ತು ವರ್ಷ.'

ಬೆನ್ನ ಹಿಂದೆ ನದಿ ಇತ್ತು. ಒಂದು ಕ್ಷಣ ಕುರ್ಚಿಯ ಕೆಳಗಿನ ನೆಲ ಮೆಲ್ಲಗೆ ಎದ್ದು ಇಳಿದಂತಾಯಿತು. ಅವಳ ಕಣ್ಣೆದುರು ಆ ಬೆಳಗು ತೇಲಿಬಂತು: ದೋಣಿಕಟ್ಟೆ, ಒದ್ದೆ ಹಲಗೆ, ಗಂಡ ಮರೆತು ಬಂದಿದ್ದ ಊಟದ ಡಬ್ಬಿಯನ್ನು ಎತ್ತಿಹಿಡಿದು ಓಡಿಬಂದ ತಾನು. ಅವರು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು. ಆಚೆ ದಡದ ಅಂಗಡಿಗಳ ತಕ್ಕಡಿ ಪರೀಕ್ಷೆಗೆ ಹೊರಟಿದ್ದರು. ಕಂಕುಳಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳ ಪೆಟ್ಟಿಗೆ. ಡಬ್ಬಿ ಇಸಿದುಕೊಂಡು "ನೀನು ಬರದೇ ಇದ್ದಿದ್ರೆ ಇವತ್ತು ಉಪವಾಸವೇ" ಎಂದು ನಕ್ಕು ದೋಣಿ ಹತ್ತಿದ್ದರು. ದೋಣಿ ಬಿಸಿಲಿನೊಳಗೆ ಹೋಗಿ ಚುಕ್ಕಿಯಾಯಿತು. ಅಲ್ಲಿಂದ ಮುಂದೆ ಅವಳ ಬಳಿ ಏನೂ ಇಲ್ಲ.

ಕಚೇರಿಯಲ್ಲಿ ಇದು ಯಾರಿಗೂ ತಿಳಿದಿರಲಿಲ್ಲ. ತಿಳಿದಿದ್ದವರು ನಿವೃತ್ತರಾಗಿದ್ದರು. ಹೊಸಬರು ಕೇಳಿದರೆ "ನಮ್ಮನೆಯವರು ಊರಲ್ಲಿಲ್ಲ" ಅನ್ನುತ್ತಿದ್ದಳು. ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದಾದ, ನೀಲಿ ಗೆರೆಯ ಮಾತು ಅದು. ಹತ್ತು ವರ್ಷ ಅದೊಂದು ವಾಕ್ಯದೊಳಗೆ ಅವಳು ಸಂಸಾರ ಮಾಡಿಕೊಂಡಿದ್ದಳು.

ಪುಟದ ಮೇಲೆ ಕಣ್ಣು ಇಳಿಸಿದಾಗ ಅವಳಿಗೇ ಗಾಬರಿಯಾಯಿತು. ಅವಳ ಕೈ ಆಗಲೇ 'ಏಳು' ಎಂಬುದರ ಕೆಳಗೆ ನೀಲಿ ಗೆರೆ ಎಳೆದುಬಿಟ್ಟಿತ್ತು. ಒಂದು ಫೋನಿಲ್ಲ, ಒಂದು ದಾಖಲೆಯಿಲ್ಲ. ಮೂವತ್ತು ವರ್ಷದಲ್ಲಿ ಮಾಡದ ತಪ್ಪು. ಆದರೆ ತಪ್ಪು ಎಷ್ಟು ಹಿತವಾಗಿತ್ತು! ಏಳು ಅಂತ ಅಚ್ಚಾದರೆ ಆಯಿತು, ಯಾರೋ ಅವಳ ಪರವಾಗಿ ಹೇಳಿದಂತಾಯಿತು. ಮುಂದೆ ನಿಂತಿದ್ದ 'ಕೊಲೆ' ಎಂಬ ಮಾತೂ ಅವಳನ್ನು ಕೈಬೀಸಿ ಕರೆಯಿತು. ಕೊಂದವರು ಇದ್ದಾರೆ ಎಂದಾದರೆ ಬೈಯಲಿಕ್ಕಾದರೂ ಒಂದು ಮುಖ ಸಿಗುತ್ತದೆ. ಬರೀ ನೀರನ್ನು ಎಷ್ಟು ದಿನ ಬೈಯುವುದು?

ಪೆನ್ಸಿಲು ಕೆಳಗಿಟ್ಟು ಅವಳು ಬೀರು ತೆಗೆದಳು. ತನಿಖಾ ಆಯೋಗದ ವರದಿಯ ಪ್ರತಿ ಒಂಬತ್ತು ವರ್ಷದಿಂದ ಅಲ್ಲೇ ಇತ್ತು. ಧೂಳು ಒರೆಸಿ ಬೇರೆಯವರು ಓದಿದ್ದರು, ಅವಳು ಮುಟ್ಟಿರಲಿಲ್ಲ. ಇಂದು ಮುಟ್ಟಿದಳು. ಒಂದೊಂದೇ ಸಾಲು ತಾಳೆ ನೋಡತೊಡಗಿದಳು. ನಲವತ್ತು ಜನರ ದೋಣಿಯಲ್ಲಿ ಅರವತ್ತೆರಡು ಜನ: ವರದಿಯಲ್ಲಿತ್ತು, ನೀಲಿ. ಪರವಾನಗಿ ಮುಗಿದು ಮೂರು ತಿಂಗಳಾಗಿತ್ತು: ನೀಲಿ. ಅದಕ್ಕೆ ಆಡಳಿತ ಪಕ್ಷದ ಭ್ರಷ್ಟಾಚಾರವೇ ಕಾರಣ: ವರದಿ ಯಾವ ಪಕ್ಷದ ಹೆಸರನ್ನೂ ಎತ್ತಿರಲಿಲ್ಲ, ಕೆಂಪು. 'ವರದಿಯನ್ನು ಸರ್ಕಾರ ಮುಚ್ಚಿಟ್ಟಿದೆ': ಮುಚ್ಚಿಟ್ಟ ವರದಿ ಅವಳ ತೊಡೆಯ ಮೇಲೇ ಇತ್ತು! ಸದನದಲ್ಲಿ ಮಂಡನೆಯಾದ ದಿನಾಂಕ ರಕ್ಷಾಪುಟದಲ್ಲೇ ಅಚ್ಚಾಗಿತ್ತು. ಪಕ್ಷದ ಮಾತಿನ ಪಕ್ಕದಲ್ಲೇ ಆ ದಿನಾಂಕ ಇಡಬೇಕು ಎಂದು ಅಂಚಿನಲ್ಲಿ ಬರೆದಳು. ನಾಳೆ ದೋಣಿಕಟ್ಟೆಯಲ್ಲಿ ಹತ್ತು ಸಾವಿರ ಜನ ಸೇರುತ್ತಾರಂತೆ. ಪೊಲೀಸರಿಗೆ ಫೋನು ಮಾಡಿದರೆ, ಅನುಮತಿ ಕೇಳಿರುವುದು ಒಂದೂವರೆ ಸಾವಿರಕ್ಕೆ. ಎರಡು ಸಂಖ್ಯೆಯೂ ಇರಲಿ, ಯಾರು ಹೇಳಿದ್ದು ಯಾವುದು ಅಂತ ಸ್ಪಷ್ಟವಾಗಲಿ.

ಇನ್ನೊಂದು ಸಂಗತಿ ಹೇಳಿಕೆಯಲ್ಲಿ ಇರಲೇ ಇಲ್ಲ. ಆಗ ಇದ್ದದ್ದು ಸಮ್ಮಿಶ್ರ ಸರ್ಕಾರ, ಪರವಾನಗಿ ಕೊಡುವ ಜಲಸಾರಿಗೆ ಇಲಾಖೆ ಇದ್ದದ್ದು ಈ ವಿರೋಧ ಪಕ್ಷದ್ದೇ ಮಂತ್ರಿಯ ಕೈಯಲ್ಲಿ. ತಮ್ಮ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸುವವರು! ಪೆನ್ಸಿಲಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಉರಿಗೂ ಗೆರೆ ಸಿಗುವುದಿಲ್ಲ, ಅದೂ ಬುಟ್ಟಿಗೇ. ಜಲಸಾರಿಗೆ ಖಾತೆ ಆಗ ಯಾವ ಪಕ್ಷದ ಕೈಯಲ್ಲಿತ್ತು ಎಂಬ ಒಂದು ಒಣ ವಾಕ್ಯ ಬರೆದಳು. ಅದರ ಬಗ್ಗೆ ಪಕ್ಷದ ವಕ್ತಾರರನ್ನು ಕೇಳಿದಳು. "ಆಮೇಲೆ ಹೇಳ್ತೀವಿ ಮೇಡಂ" ಎಂದರು. ಆಡಳಿತ ಪಕ್ಷದವರನ್ನೂ ಕೇಳಿದಳು. "ಸತ್ತವರ ಹೆಸರಲ್ಲಿ ರಾಜಕೀಯ" ಎಂದರು. ಅದನ್ನೂ ಅವರದೇ ಮಾತು ಅಂತ ಬರೆದುಕೊಂಡಳು.

ಉಳಿದದ್ದು ಏಳು.

ವರದಿಯ ಕೊನೆಯಲ್ಲಿದ್ದ ಮೃತರ ಪಟ್ಟಿ ಬಿಡಿಸುವ ಬದಲು ಜಲಸಾರಿಗೆ ಕಚೇರಿಗೇ ಫೋನು ಮಾಡಿದಳು. ವರದಿ ಬಂದ ಮೇಲೆ ಏನಾದರೂ ಬದಲಾಗಿರಬಹುದು ಎಂಬುದು ನೆಪ. ಆ ಪುಟವನ್ನು ತನ್ನ ಕಣ್ಣಿಂದ ಓದುವ ಧೈರ್ಯವಿರಲಿಲ್ಲ ಎಂಬುದು ನಿಜ.

ದಾಖಲೆ ವಿಭಾಗದ ಗುಮಾಸ್ತ ಪುಟ ಮಗುಚುವ ಸದ್ದು ದೂರದ ದೋಣಿಯ ಹುಟ್ಟಿನ ಸದ್ದಿನಂತೆ ಕೇಳಿಸಿತು. "ಮೃತರು ಆರು, ಮೇಡಂ. ಕಣ್ಮರೆ ಒಂದು."

"ಏಳು ಅಂತ ಪಕ್ಷದವರು ಹೇಳ್ತಿದಾರಲ್ಲ?"

"ಅವ್ರು ಸೇರಿಸಿಕೊಂಡಿದಾರೆ. ನಮ್ಮ ರಿಜಿಸ್ಟರಲ್ಲಿ ಆರೇ. ದೇಹ ಸಿಗ್ಲಿಲ್ಲ ನೋಡಿ. ಏಳು ವರ್ಷ ಆದ್ಮೇಲೆ ಮನೆಯವರು ಕೋರ್ಟಿಗೆ ಹೋಗಿ ತೀರಿಕೊಂಡಿದಾರೆ ಅಂತ ಘೋಷಣೆ ತಗೋಬಹುದಿತ್ತು. ಯಾಕೋ ಹೋಗಿಲ್ಲ. ಪಾಪ, ಏನು ಕಷ್ಟವೋ. ನೀವು ಪತ್ರಿಕೆಯವರು, ಒಂದು ಸಲ ಮನೆಯವರನ್ನ ಕೇಳಿ ನೋಡಿ ಮೇಡಂ."

"ಕೇಳ್ತೀನಿ" ಎಂದು ಪೆನ್ಸಿಲಕ್ಕ ಫೋನು ಇಟ್ಟಳು.

ರಬ್ಬರು ತೆಗೆದುಕೊಂಡು ನೀಲಿ ಗೆರೆ ಅಳಿಸಿದಳು. ಕೆಂಪು ಗೆರೆ ಎಳೆಯಲು ಮಾತ್ರ ಕೈ ಏಳಲಿಲ್ಲ. ಮದುವೆಯಾದ ಹೊಸತರಲ್ಲಿ ಗಂಡ ಹೇಳಿದ್ದು ನೆನಪಾಯಿತು: ಸ್ವಂತ ಅಣ್ಣನ ಅಂಗಡಿಯ ಪರೀಕ್ಷೆ ತಮ್ಮ ಪಾಲಿಗೆ ಬಂದರೆ ಅವರು ಬೇರೆ ಇನ್‌ಸ್ಪೆಕ್ಟರನ್ನು ಕಳಿಸುತ್ತಿದ್ದರಂತೆ. "ತಕ್ಕಡಿ ಸುಳ್ಳು ಹೇಳಲ್ಲ ಕಣೇ, ಹಿಡಿದ ಕೈ ನಡುಗುತ್ತೆ."

ಅವಳು ಕಾಗದ, ವರದಿ, ಕೆಂಪು ಪೆನ್ಸಿಲು ಮೂರನ್ನೂ ಎತ್ತಿಕೊಂಡು ಗಡಿಯಾರಪ್ಪನ ಮೇಜಿಗೆ ಹೋದಳು.

"ಸಾರ್, ಇದನ್ನ ನಾನು ಮುಗಿಸಬಾರದು. ನೀವೇ ಮುಗಿಸಿ."

"ಹನ್ನೆರಡೂ ಮುಕ್ಕಾಲು ಪೆನ್ಸಿಲಕ್ಕ! ತಮಾಷೆ ಮಾಡ್ತೀರಾ?"

"ಆರು ಜನ ತೀರಿಕೊಂಡಿದಾರೆ, ಒಬ್ಬರು ಸಿಕ್ಕಿಲ್ಲ. ಆ ಒಬ್ಬರು ನಮ್ಮನೆಯವರು."

ಅವರು ಗೋಡೆಯ ಕಡೆ ನೋಡಲಿಲ್ಲ. ಸೂರಿನ ಬೆಳಕು ಅವರ ಮುಖದ ಮೇಲೆ ಆಡುತ್ತಿತ್ತು. ಕುರ್ಚಿ ಎಳೆದು "ಕೂತ್ಕೊಳ್ಳಿ ಅಕ್ಕ" ಎಂದರು. ಅವಳ ಗೆರೆಗಳನ್ನು ಒಂದೊಂದಾಗಿ ನೋಡಿ, ವರದಿಯ ಕೊನೆಯ ಪಟ್ಟಿಯನ್ನು ತಾವೇ ಓದಿ, ಕೆಂಪು ಪೆನ್ಸಿಲು ಅವಳ ಕೈಯಿಂದ ಮೆತ್ತಗೆ ತೆಗೆದುಕೊಂಡು 'ಏಳು' ಎಂಬುದರ ಕೆಳಗೆ ಗೆರೆ ಎಳೆದರು. ಆಮೇಲೆ, ಹೇಗೆ ಕೇಳುವುದೋ ಎಂದು ತಡವರಿಸಿ ಕೇಳಿದರು.

"ಹಾಗಿದ್ರೆ ನಿಮ್ಮನ್ನೇ ಕೇಳ್ಬೇಕು. ಮನೆಯವರ ಮಾತಿಲ್ಲದೆ ಸುದ್ದಿ ಹೋದ್ರೆ ನೀವೇ ನನ್ನ ಬೈತಿದ್ರಿ. ಇಷ್ಟ ಇಲ್ಲ ಅಂದ್ರೆ ಬೇಡ, ಬಲವಂತ ಇಲ್ಲ."

ಹತ್ತು ವರ್ಷದಲ್ಲಿ ಆರು ಮಂದಿ ಮಂತ್ರಿಗಳು, ಎರಡು ಪಕ್ಷಗಳು, ಒಂದು ಆಯೋಗ ಆ ದೋಣಿಯ ಬಗ್ಗೆ ಮಾತಾಡಿದ್ದವು. ಅವಳನ್ನು ಕೇಳಿದವರು ಇವರೇ ಮೊದಲಿಗರು. ಹೇಳಬೇಕೆಂದುಕೊಂಡದ್ದು ಎಷ್ಟೋ ಇತ್ತು. ಯಾರದೋ ಮೇಲಿನ ಸಿಟ್ಟು, ಬಾಗಿಲು ಸದ್ದಾದಾಗಲೆಲ್ಲ ಎದ್ದು ಕೂತ ರಾತ್ರಿಗಳು, ಡಬ್ಬಿ ಕೊಡಲು ಹೋಗದಿದ್ದರೆ ಅವರು ವಾಪಸು ಬಂದು ಆ ದೋಣಿ ತಪ್ಪಿಸಿಕೊಳ್ಳುತ್ತಿದ್ದರೇನೋ ಎಂಬ ಮುಳ್ಳು. ಎಲ್ಲವನ್ನೂ ಮನಸ್ಸಿನೊಳಗೇ ಪುಟ ಮಾಡಿ, ಎರಡು ಪೆನ್ಸಿಲು ಹಿಡಿದು ಕೂತಳು. ಕೊನೆಗೆ ಉಳಿದದ್ದು ಸ್ವಲ್ಪವೇ.

"ಬರ್ಕೊಳ್ಳಿ" ಎಂದಳು. "ಅವರು ದೋಣಿ ಹತ್ತಿದ್ದನ್ನ ನಾನು ನೋಡಿದೀನಿ. ಇಳಿದಿದ್ದನ್ನ ನೋಡಿಲ್ಲ. ಯಾರೂ ನೋಡಿಲ್ಲ ಅಂತ ದಾಖಲೆ ಹೇಳುತ್ತೆ."

ಅವರು ಬರೆದುಕೊಂಡು, ನಿಯಮದಂತೆ ಅವಳಿಗೇ ಓದಿ ಹೇಳಿದರು. ಇನ್ನೊಬ್ಬರ ಬಾಯಲ್ಲಿ ಕೇಳುವಾಗ ಅವಳಿಗೆ ಅಳು ಬಂತು. ತಡೆದುಕೊಳ್ಳಲಿಲ್ಲ.

ಪುಟ ಒಂದೂವರೆಗೆ ಹೋಗಲಿಲ್ಲ, ಒಂದೂ ಮುಕ್ಕಾಲಿಗೆ ಹೋಯಿತು. ಗಡಿಯಾರಪ್ಪನ ಚರಿತ್ರೆಯಲ್ಲೇ ಮೊದಲು.

ಮೂರೂವರೆಗೆ ಪತ್ರಿಕೆ ಬಂತು, ಕೈಗೆ ಮಸಿ ಅಂಟುವಷ್ಟು ಹಸಿಯಾಗಿ. ಆಡಳಿತ ಪಕ್ಷದ ಭ್ರಷ್ಟಾಚಾರವೇ ಕಾರಣವೆಂದು ವಿರೋಧ ಪಕ್ಷ ಹೇಳಿದೆ. ತನಿಖಾ ವರದಿ ಯಾವ ಪಕ್ಷವನ್ನೂ ಹೆಸರಿಸಿಲ್ಲ. ಏಳು ಮಂದಿ ಸತ್ತರೆಂದು ಪಕ್ಷ ಹೇಳಿದೆ. ದಾಖಲೆಯ ಪ್ರಕಾರ ಮೃತರು ಆರು, ಒಬ್ಬರು ಪತ್ತೆಯಾಗಿಲ್ಲ. ಕೊನೆಯ ಪ್ಯಾರಾದಲ್ಲಿ ಅವಳ ಮೂರು ವಾಕ್ಯ. ಪತ್ತೆಯಾಗದವರ ಪತ್ನಿ ಈ ಪತ್ರಿಕೆಯಲ್ಲೇ ಕೆಲಸ ಮಾಡುತ್ತಾರೆ, ಸುದ್ದಿಯನ್ನು ಬೇರೆಯವರು ಅಂತಿಮಗೊಳಿಸಿದ್ದಾರೆ ಎಂಬ ಸಾಲೂ ಇತ್ತು. ಅಭ್ಯಾಸಬಲದಿಂದ ಅವಳು ತನ್ನ ಮಾತುಗಳ ಮೇಲೂ ಪೆನ್ಸಿಲು ಆಡಿಸಿದಳು. ಮೂರೂ ನೀಲಿ.

ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ ಕೂತಳು. ನದಿಯ ಮೇಲೆ ಬಿಸಿಲು ಇನ್ನೂ ಇತ್ತು. ದೋಣಿಯೊಂದು ಆಚೆ ದಡದತ್ತ ಕರಗುತ್ತಾ ಹೋಗುತ್ತಿತ್ತು. ಅದು ದಡ ಮುಟ್ಟಿ, ಜನ ಇಳಿದು ಚದುರುವವರೆಗೂ ನೋಡಿದಳು. ಆಮೇಲೆ ಜಲಸಾರಿಗೆ ಕಚೇರಿಗೆ ಫೋನು ಮಾಡಿದಳು.

"ಆ ಕಣ್ಮರೆ ಪುಟದ ದೃಢೀಕರಿಸಿದ ನಕಲು ಬೇಕಿತ್ತು. ಕೋರ್ಟಿಗೆ ಕೊಡೋಕೆ."

ಗುಮಾಸ್ತನಿಗೆ ದನಿಯ ಗುರುತು ಹತ್ತಿತು. "ಆಗ್ಲೇ ಮಾತಾಡಿದ ಪತ್ರಿಕೆ ಮೇಡಂ ಅಲ್ವಾ? ಆ ಮನೆಯವರು ಸಿಕ್ಕಿದ್ರಾ?"

"ಸಿಕ್ಕಿದ್ರು" ಎಂದಳು ಪೆನ್ಸಿಲಕ್ಕ.