ಹತ್ತಪ್ಪನವರ ಎರಡು ಲಕ್ಷ

ಸಂಬಳದ ಪಟ್ಟಿ ಬಿಟ್ಟರೆ ಅವರ ನಿಜವಾದ ಹೆಸರನ್ನು ನಮ್ಮ ಆಫೀಸಿನಲ್ಲಿ ಯಾರೂ ಬಳಸುತ್ತಿರಲಿಲ್ಲ. ಎಲ್ಲರಿಗೂ ಅವರು ಹತ್ತಪ್ಪನವರು. ರಸ್ತೆ ಗುತ್ತಿಗೆಗಳಿಗೆ ಖರ್ಚಿನ ಅಂದಾಜು ಬರೆಯುವುದು ಅವರ ಕೆಲಸ, ಬರೆದು ಮುಗಿಸಿ "ಹತ್ತು ಪರ್ಸೆಂಟ್ ಏರಿದ್ರೆ?" ಎಂದು ಕೇಳುವುದು ಅವರ ಚಾಳಿ. ಮಗಳ ಮದುವೆಗೆ ಇನ್ನೂರು ಜನ ಅಂತ ಬೀಗರು ಹೇಳಿದರೆ ಈ ಮನುಷ್ಯ ಇನ್ನೂರಿಪ್ಪತ್ತು ಎಲೆಗೆ ಅಡಿಗೆ ಮಾಡಿಸಿದ್ದರು. ನಾನು ಅಲ್ಲಿ ಹನ್ನೆರಡು ವರ್ಷ ಟೈಪಿಸ್ಟ್. ಅವರ ಹಾಳೆಗಳನ್ನು ಟೈಪ್ ಮಾಡಿ ಮಾಡಿ ನನಗೂ ಲೆಕ್ಕ ಅಲ್ಪಸ್ವಲ್ಪ ಹತ್ತಿತ್ತು, ಸಿಟ್ಟಂತೂ ಮೊದಲಿಂದಲೂ ಇತ್ತು.

ಆ ವರ್ಷ ನಮ್ಮ ಕಂಪನಿ ಕುತ್ತಿಗೆವರೆಗೆ ಮುಳುಗಿತ್ತು. ಯಜಮಾನರು ತೀರಿಕೊಂಡ ಮೇಲೆ ಅಮ್ಮಾವ್ರೇ ಎಲ್ಲ ನೋಡಿಕೊಳ್ಳುತ್ತಿದ್ದರು. ಮಣ್ಣು ಅಗೆಯುವ ಯಂತ್ರದ ಸಾಲಕ್ಕೆ ತಾವಿದ್ದ ಮನೆಯನ್ನೇ ಬ್ಯಾಂಕಿಗೆ ಅಡವಿಟ್ಟಿದ್ದರು. ವರ್ಷದ ಕೊನೆಗೆ ಎರಡು ಲಕ್ಷದ ಕಂತು. ಅದು ತಪ್ಪಿದರೆ ಮನೆ ಹರಾಜು. ಎರಡು ಕಂತು ಆಗಲೇ ತಪ್ಪಿದ್ದವು, ಬ್ಯಾಂಕಿನವರು ಇನ್ನೊಂದು ಮಾತು ಕೇಳುವ ಹಾಗಿರಲಿಲ್ಲ.

ಆಗ ಬಂದದ್ದು ಒಂಬತ್ತು ಕಿಲೋಮೀಟರ್ ರಸ್ತೆಯ ಟೆಂಡರ್. ಒಮ್ಮೆ ದರ ಬರೆದರೆ ಮುಗಿಯಿತು, ಡೀಸೆಲ್ ಆಕಾಶಕ್ಕೇರಿದರೂ ಸರ್ಕಾರ ಒಂದು ಪೈಸೆ ಹೆಚ್ಚು ಕೊಡುವುದಿಲ್ಲ. ಹತ್ತಪ್ಪನವರು ಖರ್ಚು ಎರಡು ಕೋಟಿ ಎಂದು ಹಾಕಿದರು. ಡೀಸೆಲ್ಲಿಗೆ ಅರವತ್ತು ಲಕ್ಷ, ಕೂಲಿಗೆ ಐವತ್ತು, ಜಲ್ಲಿ ಡಾಂಬರು ಸಾಗಾಟ ಸೇರಿ ಎಪ್ಪತ್ತು, ಉಳಿದದ್ದಕ್ಕೆ ಇಪ್ಪತ್ತು. ನಾವು ಕೇಳುವ ದರ ಎರಡು ಕೋಟಿ ಎಂಟು ಲಕ್ಷ. ಅಂದರೆ ಎಂಟು ಲಕ್ಷ ಲಾಭ.

ಕೆಳಗೆ ಎಂದಿನಂತೆ ಅವರ ಹತ್ತರ ಸಾಲುಗಳು. ಕೂಲಿ ಹತ್ತು ಪರ್ಸೆಂಟ್ ಏರಿದರೆ ಐದು ಲಕ್ಷ ಹೋಗಿ ಮೂರು ಉಳಿಯುತ್ತದೆ. ಡೀಸೆಲ್ ಹತ್ತು ಏರಿದರೆ ಆರು ಹೋಗಿ ಎರಡು ಉಳಿಯುತ್ತದೆ. ಎರಡೂ ಒಟ್ಟಿಗೆ ಏರಿದರೆ ಮೂರು ಲಕ್ಷ ನಷ್ಟ, ಆದರೆ ಈ ವರ್ಷ ಕೂಲಿ ಏರಿಸುವುದಿಲ್ಲವೆಂದು ಮೇಸ್ತ್ರಿ ಬರೆದುಕೊಟ್ಟಿದ್ದ.

"ಅಂದ್ರೆ ಡೀಸೆಲ್ ಏರಿದ್ರೂ ಕಂತು ಕಟ್ಟಬಹುದು, ಅಲ್ವಾ?" ಎಂದು ಅಮ್ಮಾವ್ರು ಎರಡು ಸಲ ಕೇಳಿದರು.

"ಹತ್ತರವರೆಗೆ ಏರಿದ್ರೂ ನಿಮ್ಮ ಮನೆ ನಿಮ್ಮದೇ ಅಮ್ಮಾ" ಎಂದರು ಹತ್ತಪ್ಪನವರು. ಇಂಥ ಮಾತನ್ನು ಅವರು ಸುಲಭಕ್ಕೆ ಆಡುವವರಲ್ಲ. ಅಮ್ಮಾವ್ರು ಸಹಿ ಹಾಕಿದರು.

ಟೆಂಡರ್ ಪೆಟ್ಟಿಗೆ ಮುಚ್ಚುವುದು ಮಧ್ಯಾಹ್ನ ಮೂರಕ್ಕೆ. ನಾನೂ ಅಮ್ಮಾವ್ರೂ ಅರಗು ಹಾಕಿದ ಲಕೋಟೆ ಹಿಡಿದು ಎರಡಕ್ಕೇ ಆ ಕಚೇರಿಯ ಉದ್ದನೆ ಪಡಸಾಲೆಯಲ್ಲಿ ಕೂತೆವು. ಎದುರಿನ ಬೆಂಚಿನಲ್ಲಿ ನಮ್ಮ ಪ್ರತಿಸ್ಪರ್ಧಿ ಗುಜರಿ ಸಾಹುಕಾರ ಕಾಲು ಮೇಲೆ ಕಾಲು ಹಾಕಿ ಕೂತು ಹಲ್ಲು ಕಿರಿಯುತ್ತಿದ್ದ. ಅವನು ಎರಡು ಕೋಟಿ ಒಂಬತ್ತರ ಆಸುಪಾಸು ಬರೆಯುತ್ತಾನೆಂಬ ಸುದ್ದಿ ಎಲ್ಲರ ಕಿವಿಗೂ ಬಿದ್ದಿತ್ತು.

ಎರಡೂವರೆಗೆ ಹತ್ತಪ್ಪನವರು ಓಡಿ ಬಂದರು. ಕಾಲಲ್ಲಿ ಚಪ್ಪಲಿ ಇಲ್ಲ, ಮುಖ ಬಿಳುಚಿಕೊಂಡಿತ್ತು. 

"ಪೆಟ್ಟಿಗೆಗೆ ಹಾಕಿದ್ರಾ?"

"ಇನ್ನೂ ಇಲ್ಲ."

"ಹಾಕ್ಬೇಡಿ. ನನ್ನಿಂದ ತಪ್ಪಾಗಿದೆ ಅಮ್ಮಾ."

ಆದದ್ದಿಷ್ಟು. ನಾವು ಹೊರಟ ಮೇಲೆ ಲಾರಿ ಮಾಲೀಕನೊಬ್ಬ ಹಳೇ ಬಾಕಿ ಕೇಳಲು ಆಫೀಸಿಗೆ ಬಂದಿದ್ದ. "ನಮ್ಮ ಬಾಡಿಗೇಲಿ ಅರ್ಧ ಡೀಸೆಲ್ಲಿಗೇ ಹೋಗುತ್ತೆ ಸ್ವಾಮಿ, ಅದು ಏರಿದ್ರೆ ಬಾಡಿಗೇನೂ ಏರುತ್ತೆ" ಎಂದು ಗೊಣಗಿದನಂತೆ. ಹತ್ತಪ್ಪನವರು ಡೀಸೆಲ್ ಸಾಲಿಗೆ ಹಾಕಿದ್ದು ನಾವೇ ಬಂಕಿನಲ್ಲಿ ತುಂಬಿಸುವ ಡೀಸೆಲ್ ಮಾತ್ರ. ಜಲ್ಲಿ ಸಾಗಿಸುವ ಲಾರಿ ಬಾಡಿಗೆ ನಲವತ್ತು ಲಕ್ಷ ಸಾಮಗ್ರಿಯ ಎಪ್ಪತ್ತರೊಳಗೆ ಸೇರಿಹೋಗಿತ್ತು. ಅದರ ಹೊಟ್ಟೆಯಲ್ಲಿ ಇನ್ನೂ ಇಪ್ಪತ್ತು ಲಕ್ಷದ ಡೀಸೆಲ್ ಅಡಗಿ ಕೂತಿತ್ತು.

"ಡೀಸೆಲ್ ಅರವತ್ತಲ್ಲ, ಎಂಬತ್ತು. ಹತ್ತು ಪರ್ಸೆಂಟ್ ಏರಿದ್ರೆ ಆರಲ್ಲ, ಎಂಟು ಹೋಗುತ್ತೆ. ಲಾಭ ಸೊನ್ನೆ. ಕಂತಿಗೆ ಏನೂ ಉಳಿಯಲ್ಲ."

"ಖರ್ಚು?" ಎಂದರು ಅಮ್ಮಾವ್ರು.

"ಖರ್ಚು ಅದೇ ಎರಡು ಕೋಟಿ, ಅದರಲ್ಲಿ ತಪ್ಪಿಲ್ಲ. ಏರಿದಾಗಿನ ಲೆಕ್ಕ ತಪ್ಪಿದೆ. ನಾನು ಕೊಟ್ಟ ಮಾತು ನಿಲ್ಬೇಕಂದ್ರೆ ಎರಡು ಕೋಟಿ ಹತ್ತು ಬರೀಬೇಕು."

"ಹತ್ತು ಬರೆದ್ರೆ ಕೆಲ್ಸ ಆ ಗುಜರಿ ಪಾಲಾಗುತ್ತಲ್ರೀ!" ಎಂದರು ಅಮ್ಮಾವ್ರು.

ನನಗೆ ತಡೆಯಲಾಗಲಿಲ್ಲ. "ಕೋಟೆ ಕೊಳ್ಳೆಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ! ಮೂವತ್ತು ವರ್ಷ ಲೆಕ್ಕ ಬರೆದು ಲಾರಿಗೆ ಡೀಸೆಲ್ ಬೇಕು ಅಂತ ಇವತ್ತು ಗೊತ್ತಾಯ್ತಾ ನಿಮಗೆ?" ಎಂದೆ, ಗುಜರಿ ಸಾಹುಕಾರನಿಗೂ ಕೇಳಿಸುವಷ್ಟು ಜೋರಾಗಿ.  ಹೀಗಂದದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಗಡಿಯಾರದಲ್ಲಿ ಎರಡು ನಲವತ್ತು. ಡೀಸೆಲ್ ಏರುತ್ತದೆಯೇ ಎಂದು ಅಮ್ಮಾವ್ರು ಕೇಳಿದರು. ಗೊತ್ತಿಲ್ಲ ಎಂದರು ಹತ್ತಪ್ಪನವರು. ಏರದಿದ್ದರೆ ಎಂಟು ಲಕ್ಷವೂ ನಮ್ಮದೇ ಅಲ್ಲವೇ ಎಂದರು ಅಮ್ಮಾವ್ರು. ಹೌದು ಎಂದರು ಹತ್ತಪ್ಪನವರು. ಅವರು ಸುಮ್ಮನಿದ್ದುಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಅದನ್ನು ಮಾತ್ರ ಅವರು ಬಾಯಿಬಿಟ್ಟು ಹೇಳಲಿಲ್ಲ.

ಎರಡು ಐವತ್ತಕ್ಕೆ ಅಮ್ಮಾವ್ರು ನನ್ನ ಚೀಲದಿಂದ ಖಾಲಿ ಫಾರಂ ಎಳೆದುಕೊಂಡರು. ಎರಡು ಕೋಟಿ ಹತ್ತು ಲಕ್ಷ ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಬರೆದರು. ನಾನು ಹಾಳೆಯನ್ನು ಒತ್ತಿ ಹಿಡಿದೆ, ಅವರು ಸಹಿ ಹಾಕಿದರು. ಹಳೇ ಫಾರಂ ತೆಗೆದು ಹೊಸದನ್ನಿಟ್ಟು ಮತ್ತೆ ಅರಗು ಹಾಕಿದ ಲಕೋಟೆ ಮೂರಕ್ಕೆ ಎರಡು ನಿಮಿಷವಿರುವಾಗ ಪೆಟ್ಟಿಗೆಗೆ ಬಿತ್ತು.

ಮರುದಿನ ಪೆಟ್ಟಿಗೆ ತೆರೆದರು. ಗುಜರಿಯದು ಎರಡು ಕೋಟಿ ಒಂಬತ್ತು. ಒಂದೇ ಒಂದು ಲಕ್ಷದಲ್ಲಿ ಕೆಲಸ ಕೈತಪ್ಪಿತು.

ಅಮ್ಮಾವ್ರು ಯಂತ್ರವನ್ನು ಬಂದ ಬೆಲೆಗೆ ಮಾರಿ ಸಾಲ ತೀರಿಸಿದರು. ಮನೆಯೊಂದು ಉಳಿಯಿತು. ನನಗೆ ಒಂದು ವರ್ಷ ಅರ್ಧ ಸಂಬಳ, ಹತ್ತಪ್ಪನವರು ಅದನ್ನೂ ಬೇಡವೆಂದರು. ಡೀಸೆಲ್ ಇವತ್ತು ಏರುತ್ತೆ, ನಾಳೆ ಏರುತ್ತೆ ಎಂದು ಇಡೀ ವರ್ಷ ಪೇಪರು ನೋಡಿದೆ. ಅದು ಹತ್ತು ಪೈಸೆಯೂ ಏರಲಿಲ್ಲ. ಗುಜರಿ ಸಾಹುಕಾರ ಆ ರಸ್ತೆಯಲ್ಲೇ ಹೊಸ ಕಾರು ಓಡಿಸಿದ. ನಾನು ದಿನಾ ಹತ್ತಪ್ಪನವರನ್ನು ಮನಸ್ಸಿನಲ್ಲೇ ಶಪಿಸುತ್ತಿದ್ದೆ. ಅಮ್ಮಾವ್ರೂ ಅವರ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ.

ಹತ್ತಪ್ಪನವರು ಕೆಲಸ ಬಿಡುವ ದಿನ ಅಮ್ಮಾವ್ರು ನಮ್ಮಿಬ್ಬರನ್ನೂ ಮನೆಗೆ ಕರೆದರು.

"ಡೀಸೆಲ್ ಏರಲೇ ಇಲ್ಲ, ನೋಡಿ" ಎಂದರು, ಕೂತ ಕೂಡಲೇ.

"ಇಲ್ಲಮ್ಮ" ಎಂದರು ಹತ್ತಪ್ಪನವರು. "ಏರುತ್ತೆ ಅಂತ ನನ್ನ ಹಾಳೆ ಹೇಳಿರಲಿಲ್ಲ. ಏರಿದ್ರೆ ಏನು ಅಂತ ಕೇಳಿತ್ತು, ಅಷ್ಟೇ. ನಿಮಗೆ ನಷ್ಟ ಆಯ್ತು, ನಂಗೆ ಗೊತ್ತು."

"ವರ್ಷಪೂರ್ತಿ ನಿಮ್ಮನ್ನ ಬೈಕೊಂಡಿದ್ದೀನಿ."

"ಅದೂ ಗೊತ್ತಮ್ಮ."

ಅಮ್ಮಾವ್ರು ಒಳಗಿನಿಂದ ಒಂದು ಹಾಳೆ ತಂದು ಅವರ ಮುಂದಿಟ್ಟರು. ಸಣ್ಣದೊಂದು ಚರಂಡಿ ಕೆಲಸದ ಅಂದಾಜು, ಪೂರ್ತಿ ಅಮ್ಮಾವ್ರದೇ ಕೈಬರಹ. ಲಾರಿ ಬಾಡಿಗೆಯನ್ನು ಎರಡು ಭಾಗ ಮಾಡಿ, ಡೀಸೆಲ್ಲಿನ ಅರ್ಧವನ್ನು ಡೀಸೆಲ್ ಸಾಲಿಗೇ ಸೇರಿಸಿದ್ದರು. ಕೆಳಗೆ ಹತ್ತು ಏರಿದರೆ ಎಂಬ ಸಾಲು.

"ಈ ಮನೇನ ಮತ್ತೆ ಅಡ ಇಡಲ್ಲ. ಆದ್ರೂ ಏರಿದ್ರೆ ಏನು ಅಂತ ಕೇಳ್ಕೊಂಡೇ ಬರೆದಿದ್ದೀನಿ. ತಪ್ಪಿದ್ರೆ ಹೇಳಿ."

ಹತ್ತಪ್ಪನವರು ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಮುಗಿಸಲು ತುಂಬಾ ಹೊತ್ತು ಹಿಡಿಯಿತು.

"ತಪ್ಪಿಲ್ಲಮ್ಮ" ಎಂದು ಎದ್ದರು.

ಬಾಗಿಲ ಬಳಿ ಚಪ್ಪಲಿಗಾಗಿ ಕಾಲಲ್ಲೇ ತಡಕಾಡಿದರು. ಕಣ್ಣು ತುಂಬಿದ್ದರಿಂದ ಕಾಣುತ್ತಿರಲಿಲ್ಲ. ನಾನು ಬಗ್ಗಿ ಎರಡೂ ಚಪ್ಪಲಿ ಎತ್ತಿ ಅವರ ಕಾಲ ಮುಂದೆ ಇಟ್ಟೆ.