ಸತರ್‌ಕುಲನ ಅಂಗಡಿಯ ಏಳನೆಯ ಟೋಪಿ

ಕರಕೋಲ್ ಊರಿನ ಚಿಕ್ಕ ಸಂತೆಯ ಪಕ್ಕದಲ್ಲಿ ಮೂವತ್ತೊಂದು ವರ್ಷ ಕಲ್ಪಕ್ ಟೋಪಿ ಹೊಲಿದು ಮಾರಿದ ಸತರ್‌ಕುಲ್, ಊರಿನ ಮೊಲ್ದೊ, ಅಂದರೆ ಮುಲ್ಲಾ, ಆದ ನನಗೆ ಮಸೀದಿಯ ಬೀದಿಯಲ್ಲಿ ಎಡಗಡೆಯ ನೆರೆಯವನು. ದೇವರು ಅವನ ಬೆರಳುಗಳಿಗೆ ಬರಕತ್ತು ಕೊಟ್ಟಿದ್ದ. ಮೊಣಕಾಲುಗಳಿಗೆ ಕೊಡುವುದನ್ನು ಮಾತ್ರ ತನ್ನದೇ ಕಾರಣಕ್ಕೆ ತಡೆದಿದ್ದ. ಈ ಶರತ್ಕಾಲದಲ್ಲಿ ಅವನು ಅಂಗಡಿ ಮುಚ್ಚಿ, ಕೂತು ಮಾಡುವ ಕೆಲಸವೆಂದು ಜೇನು ಸಾಕುವುದಾಗಿ ನಿಶ್ಚಯಿಸಿದ. ಜೇನುಹುಳುಗಳು ಯಾರನ್ನೂ ಕೂರಗೊಡುವುದಿಲ್ಲವೆಂದು ನಾನು ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ.

ಅವನ ತಮ್ಮನ ಮಗಳು ಮೇರಿಮ್ ಅಂಗಡಿಯ ಚಿತ್ರ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹೀಗೆ ಬರೆದಳು:

“ಅಂಗಡಿ ಮುಚ್ಚುತ್ತಿದ್ದೇವೆ. ಉಳಿದಿರುವುದು: ದೊಡ್ಡ ಅಳತೆ, ಅರವತ್ತೆರಡು ಸೆಂಟಿಮೀಟರಿನ ಬಿಳಿ ಕಲ್ಪಕ್ ಏಳು, ನಡು ಅಳತೆಯವು ಹತ್ತೊಂಬತ್ತು, ಮಕ್ಕಳವು ಹನ್ನೊಂದು. ಮರದ ಅಚ್ಚುಗಳು, ಕನ್ನಡಿ, ಕಪಾಟು. ಟೋಪಿಗಳಿಗೆ ಶೇಕಡಾ ಮೂವತ್ತು ರಿಯಾಯಿತಿ, ಉಳಿದದ್ದಕ್ಕೆ ಅರ್ಧ ಬೆಲೆ. ಅರ್ಧ ಹಣ ಮುಂಗಡ ಕಳಿಸಿದವರಿಗೆ ಮಾತ್ರ ಕಾದಿರಿಸುತ್ತೇವೆ. ಮಂಗಳವಾರದಿಂದ ಗುರುವಾರದವರೆಗೆ, ಹತ್ತರಿಂದ ಐದರೊಳಗೆ ನೀವೇ ಬಂದು ಒಯ್ಯಬೇಕು. ಮನೆಗೆ ತಲುಪಿಸುವುದಿಲ್ಲ. ಮಾರಿದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಚೀಲ ನೀವೇ ತನ್ನಿ.”

ಮಂಗಳವಾರ ಸಂಜೆಯೊಳಗೆ ಅಚ್ಚುಗಳೆಲ್ಲ ಹೋದವು. ಬುಧವಾರ ಬೆಳಿಗ್ಗೆ ಸುಯುಮ್‌ಕಾನ್ ಚೀಲ ಹಿಡಿದು ಬಂದಳು. ಶುಕ್ರವಾರ ಅವಳ ಮಗಳ ಮದುವೆ; ಬೀಗರ ಕಡೆಯ ಏಳು ಹಿರಿಯರಿಗೆ ಟೋಪಿ ತೊಡಿಸಬೇಕು. ಏಳೂ ದೊಡ್ಡ ಅಳತೆಯವಕ್ಕೆ ಅವಳು ಮುಂಗಡ ಕಳಿಸಿಯಾಗಿತ್ತು. ಸತರ್‌ಕುಲ್ ಎಣಿಸಿದ, ಆರು. ಮತ್ತೆ ಎಣಿಸಿದ, ಟೋಪಿಗಳು ಹಟ ಹಿಡಿದು ಆರೇ ಉಳಿದವು.

“ಏಳನೇದು ನಿನ್ ತಲೆ ಮೇಲೇ ಇದೆಯಲ್ಲಣ್ಣ!” ಎಂದಳು ಸುಯುಮ್‌ಕಾನ್, ಮೇರಿಮ್ ಕಳಿಸಿದ ಚಿತ್ರವಿದ್ದ ಫೋನು ಚಾಚಿ. “ನೋಡು, ಇದರಲ್ಲಿ ಅದೇ ಅಚ್ಚಿನ ಮೇಲೆ ಕೂತಿದೆ.”

ಆಗಿದ್ದಿಷ್ಟು. ಚಿತ್ರ ತೆಗೆದ ದಿನ ಮಳೆಗೆ ನೆಂದ ತನ್ನ ಟೋಪಿಯನ್ನು ಸತರ್‌ಕುಲ್ ಹಬೆ ಹಿಡಿದು ಅಚ್ಚಿನ ಮೇಲೆ ಒಣಗಲಿಟ್ಟಿದ್ದ. ಮೇರಿಮ್ ಅದನ್ನೂ ಸರಕೆಂದು ಎಣಿಸಿದ್ದಳು.

“ಅದು ನಂದು ತಂಗೀ! ಎಂಟು ವರ್ಷದಿಂದ ಹಾಕ್ಕೊಂಡಿರೋದು.”

“ಹಾಗಂತ ಬರ್ದಿದ್ರಾ? ಏಳು ಅಂತ ಬರ್ದಿದೀರಿ, ಏಳಕ್ಕೆ ದುಡ್ಡು ತಗೊಂಡಿದೀರಿ. ಆರು ಜನಕ್ಕೆ ಹಾಕಿ ಏಳನೇ ಬೀಗರಿಗೆ ಏನ್ ಹಾಕ್ಲಿ, ಪಾತ್ರೇನಾ?”

ನನ್ನನ್ನು ಕರೆಸಿದರು. ತೊಟ್ಟ ಕಲ್ಪಕ್ಕನ್ನು ಯಾರಿಗೂ ಕೊಡಬಾರದು. ಟೋಪಿಯೊಡನೆ ತಲೆಯ ಭಾಗ್ಯವೂ ಹೋಗುತ್ತದೆಂದು ನಮ್ಮ ಹಿರಿಯರ ನಂಬಿಕೆ. ಭಾಗ್ಯ ಕೊಡುವವನು ಅಲ್ಲಾಹನೊಬ್ಬನೇ ಎಂದು ನಾನು ಪ್ರತಿ ಶುಕ್ರವಾರ ಹೇಳುತ್ತೇನೆ, ಆದರೂ ನನ್ನದನ್ನು ನಾನು ಯಾರಿಗೂ ಕೊಟ್ಟವನಲ್ಲ.

“ಅಕ್ಕ, ಬೇರೆಯವರ ಬೆವರಿನ ಟೋಪಿ ಬೀಗರ ತಲೆಗಿಟ್ಟರೆ ಮಗಳನ್ನ ಯಾವ ಮುಖದಲ್ಲಿ ಕಳಿಸ್ತೀರಿ?” ಎಂದೆ.

ಸತರ್‌ಕುಲ್ ತಲೆಯಿಂದ ತೆಗೆದು ಚಾಚಿದ ಟೋಪಿಯ ಒಳಗನ್ನು ಅವಳು ಇಣುಕಿ ನೋಡಿ, ಮೂಗು ಮುಚ್ಚಿಕೊಂಡಳು. “ಇದು ಬೇಡಪ್ಪ! ಆದ್ರೆ ಮೊಲ್ದೊ, ನನಗೆ ಏಳು ಬೇಕೇ ಬೇಕು.”

“ಅದೂ ನ್ಯಾಯವೇ,” ಎಂದು ನಾನು ಸತರ್‌ಕುಲನ ಕಡೆ ತಿರುಗಿದೆ. “ಏಳು ಅಂತ ಮಾತು ಕೊಟ್ಟಿದೀಯ. ಮಾತು ಉಳಿಸ್ಕೊ.”

“ಮೊಣಕಾಲು?”

“ಟೋಪಿ ಮೊಣಕಾಲಲ್ಲಿ ಹೊಲಿತೀಯೇನೋ?”

ಅವನು ಗೊಣಗುತ್ತ ಉಳಿದ ಬಿಳಿ ಉಣ್ಣೆಯಲ್ಲಿ ನಾಲ್ಕು ತುಂಡು ಕತ್ತರಿಸಿದ, ಅಂಚಿಗೆ ಕಪ್ಪು ಮಖಮಲ್ಲು ಹಚ್ಚಿದ. ಆಗ ನೆನಪಾಯಿತು: ರೂಪ ಕೂರಿಸಲು ಅಚ್ಚೇ ಇಲ್ಲ! ಮೇರಿಮ್ ಅಳತೆಪಟ್ಟಿ ಹಿಡಿದು ಸಂತೆಗೋಡಿ, ಕುಂಬಳಕಾಯಿಗಳ ಸುತ್ತಳತೆ ತೆಗೆಯುತ್ತ ಹೋದಳು. ಮಾರುವವಳು, “ಏನ್ ಮಗಳೇ, ಇದಕ್ಕೆ ಮದುವೆ ಅಂಗಿ ಹೊಲಿಸ್ತೀಯಾ?” ಎಂದಳಂತೆ. ಅರವತ್ತೆರಡು ಸಿಕ್ಕಿತು. ಹಬೆಯಾಡುವ ಟೋಪಿ ತೊಟ್ಟ ಕುಂಬಳಕಾಯಿಯನ್ನು ಕಿಟಕಿಯ ಬಿಸಿಲಿಗಿಟ್ಟೆವು. ಕಣ್ಣು ಮಂದವಾದ ಒಬ್ಬ ಹಿರಿಯರು ಅದಕ್ಕೆ ಸಲಾಂ ಹೇಳಿ, ಉತ್ತರ ಬಾರದ್ದಕ್ಕೆ ಬೇಸರಪಟ್ಟು ನಡೆದರು.

ಗುರುವಾರ ಐದಕ್ಕೆ ಹತ್ತು ನಿಮಿಷವಿರುವಾಗ ಸುಯುಮ್‌ಕಾನ್ ಬಂದಳು. ಏಳನೆಯದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಉಳಿದ ಆರಕ್ಕಿಂತ ಅದೇ ಚೆಂದವಾಗಿತ್ತು.

“ಇದಕ್ಕೂ ಮೂವತ್ತು ಬಿಡ್ಬೇಕು,” ಎಂದಳು.

“ರಿಯಾಯಿತಿ ಉಳಿದ ಸರಕಿಗೆ ತಂಗೀ. ಇದು ಎಲ್ಲುಳಿದಿತ್ತು? ನಿನ್ನೆ ಹುಟ್ಟಿದ್ದು.”

ಅವಳು ನನ್ನ ಕಡೆ ನೋಡಿದಳು. ಬಿಡಬೇಕು ಎಂದೆ; ಏಳೂ ಒಂದೇ ಬೆಲೆಗೆ ಮಾತಾಗಿದ್ದವಲ್ಲ. ಸತರ್‌ಕುಲ್ ನನ್ನನ್ನು ನುಂಗುವಂತೆ ನೋಡಿದನಾದರೂ ಬಿಟ್ಟುಕೊಟ್ಟ. ಸುಯುಮ್‌ಕಾನ್ ಅಂಗೈ ಎತ್ತಿ, “ನಿನ್ ತಲೆ ಮೇಲಿನ ಟೋಪಿ ನೂರು ವರ್ಷ ಅಲ್ಲೇ ಇರ್ಲಿ ಅಣ್ಣ,” ಎಂದು ಹರಸಿದಳು. ಮೂವರೂ ಮುಖ ಸವರಿಕೊಂಡು ಆಮೀನ್ ಎಂದೆವು. ಸತರ್‌ಕುಲ್ ತನ್ನ ಟೋಪಿಯನ್ನು ಎರಡೂ ಕೈಯಿಂದ ಕಿವಿಯವರೆಗೆ ಎಳೆದುಕೊಂಡು, ಅಂಗಡಿಗೆ ಬೀಗ ಹಾಕಿದ.