ಟಿಕ್ ಹಾಕಿದ ಬೆಳಗುಗಳು

ಹೊಲಿಗೆ ಕಾರ್ಖಾನೆಯ ಬೆಳಗಿನ ಪಾಳಿಗೆ ಹೋಗುವ ತಾಯಿ, ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುಕಾಯಿಲೆ ಇದ್ದ ಮಗಳ ಬೆನ್ನನ್ನು ದಿನಾ ಬೆಳಿಗ್ಗೆ ತಟ್ಟಿ ಕಫ ಸಡಿಲಿಸುವ ಕೆಲಸವನ್ನು ಗಂಡನಿಗೆ ಒಪ್ಪಿಸಿದ್ದಳು. ತಟ್ಟಿದ ದಿನಗಳನ್ನು ಗುರುತಿಸುವ ಪಟ್ಟಿಯಲ್ಲಿ ಕಳೆದ ಮೂರು ತಿಂಗಳೂ ಟಿಕ್ ಇತ್ತು. ಆದರೂ ಆಸ್ಪತ್ರೆಯಲ್ಲಿ ಥೆರಪಿಸ್ಟ್ ಯಂತ್ರಕ್ಕೆ ಊದಿಸಿ ನೋಡಿದಾಗ ಶ್ವಾಸಕೋಶದ ಬಲ ಕುಸಿದಿತ್ತು.

“ಅಪ್ಪ ತಟ್ಟೋದೇ ಇಲ್ಲ, ಬರೀ ಟಿಕ್ ಹಾಕ್ತಾರೆ,” ಎಂದಳು ಮಗಳು.

“ಕೆಮ್ಮೇ ಇರ್ಲಿಲ್ವಲ್ಲೇ, ಮಲಗಿರ್ಲಿ ಅಂತ ಬಿಟ್ಟೆ,” ಎಂದು ಗಂಡ ತಲೆ ತಗ್ಗಿಸಿದ.

ಥೆರಪಿಸ್ಟ್ ಅವನತ್ತ ತಿರುಗಿದರು. “ಇವಳ ಜೀವಕೋಶದಲ್ಲಿ ಕ್ಲೋರೈಡ್, ಅಂದ್ರೆ ಉಪ್ಪಿನಂಶ, ಹೊರಬಿಡೋ ಬಾಗಿಲೇ ಕೆಟ್ಟಿದೆ ಸ್ವಾಮಿ. ಕ್ಲೋರೈಡ್ ಹೊರಗೆ ಬರದಿದ್ರೆ ನೀರೂ ಬರಲ್ಲ. ಕಫ ಅಂಟಾಗಿ ಕೂತು ರೋಗಾಣು ಬೆಳೆಯುತ್ತೆ. ಕೆಮ್ಮಿಲ್ಲದಾಗ್ಲೂ ಒಳಗೆ ಗಾಯ ಆಗ್ತಿರುತ್ತೆ.”

“ಹೋಗಿರೋ ಬಲ ವಾಪಸ್ ಬರುತ್ತಾ?” ಎಂದಳು ತಾಯಿ.

“ಸ್ವಲ್ಪ ಬರಬಹುದು. ಗಾಯ ಆಗಿ ಕಲೆಗಟ್ಟಿರೋ ಕಡೆ ಬರಲ್ಲ.”

ತಾನು ಕಣ್ಣುಮುಚ್ಚಿ ನಂಬಿದ್ದ ಗಂಡನತ್ತ ಅವಳು ನೋಡಲಿಲ್ಲ. ಅಲ್ಲಿಂದಲೇ ಮೇಲ್ವಿಚಾರಕಿಗೆ ಫೋನ್ ಮಾಡಿ, “ಅಕ್ಕಾ, ನಾಳೆಯಿಂದ ನಂಗೆ ಮಧ್ಯಾಹ್ನದ ಪಾಳಿ ಕೊಡಿ,” ಎಂದಳು.